ಟೋಟಲ್ ಸರಿ ಬಂತು, ರಿಯಾಕ್ಷನ್ ತಪ್ಪಿತ್ತು: ನಡುವೆ ಹಿಂಜ್ ಇರುವ ಒಂದು ಬೀಮಿನ ಪ್ರಕರಣ

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬೀಮುಗಳ ಪಾಠ ಮಾಡುತ್ತೇನೆ. ಕೆಲವು ಸೆಮಿಸ್ಟರ್ ಹಿಂದೆ ಟ್ಯುಟೋರಿಯಲ್ ಅವಧಿಯಲ್ಲಿ ನಡೆದದ್ದು ಇದು. ಇಬ್ಬರು ವಿದ್ಯಾರ್ಥಿನಿಯರು ಒಂದೇ ಲೆಕ್ಕಕ್ಕೆ ಎರಡು ಉತ್ತರ ಹಿಡಿದುಕೊಂಡು ಬಂದರು. ಹೆಸರು ಬೇಡ, ಒಬ್ಬಳನ್ನು ಮೊದಲನೆಯವಳು, ಇನ್ನೊಬ್ಬಳನ್ನು ಗೆಳತಿ ಅಂತ ಕರೆಯುತ್ತೇನೆ. ಮೊದಲನೆಯವಳು ಡಿಪ್ಲೊಮಾ ಮುಗಿಸಿ ಬಂದವಳು, ಲೆಕ್ಕದಲ್ಲಿ ಚುರುಕು. ಮಾಡಿದ ಪ್ರತಿ ಲೆಕ್ಕವನ್ನೂ ಕೊನೆಗೊಮ್ಮೆ ತಾಳೆ ನೋಡುವ ಒಳ್ಳೆಯ ಅಭ್ಯಾಸ ಅವಳಿಗಿತ್ತು. ಈ ಸಲ ಆ ತಾಳೆಯೇ ಅವಳ ದಾರಿ ತಪ್ಪಿಸಿತು.

ಲೆಕ್ಕ ಹೀಗಿತ್ತು. ಎಂಟು ಮೀಟರ್ ಉದ್ದದ ಬೀಮ್. ಎಡ ತುದಿ A ಗೋಡೆಯೊಳಗೆ ಫಿಕ್ಸ್ ಆಗಿದೆ. A ಯಿಂದ 2 ಮೀಟರ್ ದೂರದಲ್ಲಿ B ಎಂಬಲ್ಲಿ ಒಳಗಿನ ಹಿಂಜ್. ಅಲ್ಲಿಂದ ಇನ್ನೂ 6 ಮೀಟರ್ ಹೋದರೆ ಬಲ ತುದಿ C, ಅದರ ಕೆಳಗೆ ರೋಲರ್. ಬೀಮಿನ ಉದ್ದಕ್ಕೂ ಮೀಟರಿಗೆ 12 ಕಿಲೋನ್ಯೂಟನ್ ಯುಡಿಎಲ್, ಅಂದರೆ ಸಮನಾಗಿ ಹರಡಿದ ಲೋಡ್. ಜೊತೆಗೆ ಸರಿಯಾಗಿ ಹಿಂಜಿನ ಮೇಲೆಯೇ 20 ಕಿಲೋನ್ಯೂಟನ್ ಪಾಯಿಂಟ್ ಲೋಡ್. ರಿಯಾಕ್ಷನ್ ಕಂಡುಹಿಡಿದು ಶಿಯರ್ ಫೋರ್ಸ್, ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ ಬರೆಯಬೇಕು. ಅಡ್ಡಲಾಗಿ ಎಳೆಯುವ ಲೋಡ್ ಯಾವುದೂ ಇಲ್ಲ. ಹಾಗಾಗಿ ಗೊತ್ತಿಲ್ಲದ್ದು ಮೂರೇ: A ಯಲ್ಲಿ ಮೇಲ್ಮುಖ ರಿಯಾಕ್ಷನ್, A ಯಲ್ಲಿ ಫಿಕ್ಸಿಂಗ್ ಮೊಮೆಂಟ್, C ಯಲ್ಲಿ ಮೇಲ್ಮುಖ ರಿಯಾಕ್ಷನ್.

ಮೊದಲನೆಯವಳು ಮಾಡಿದ್ದು ಇದು. ಯುಡಿಎಲ್ ಒಟ್ಟು 12 × 8, ಅಂದರೆ 96 ಕಿಲೋನ್ಯೂಟನ್. ಅದನ್ನು ಒಂದೇ ಬಾಣವಾಗಿ ಬೀಮಿನ ನಡುವೆ, A ಯಿಂದ 4 ಮೀಟರಿನಲ್ಲಿ ಬರೆದಳು. ಆಮೇಲೆ ಹಿಂಜಿನಲ್ಲಿ ಬೀಮನ್ನು ಎರಡು ಭಾಗ ಮಾಡಿದಳು. 4 ಮೀಟರಿನ ಜಾಗ ಹಿಂಜಿನ ಬಲಕ್ಕೆ ಬರುತ್ತದೆ, B ಯಿಂದ 2 ಮೀಟರ್ ದೂರ. ಹಾಗಾಗಿ 96 ಪೂರ್ತಿ BC ಭಾಗಕ್ಕೆ ಹೋಯಿತು. B ಸುತ್ತ ಮೊಮೆಂಟ್ ತೆಗೆದಳು:

```
R_C × 6 = 96 × 2      →  R_C = 32
V_B = 96 − 32         →  V_B = 64
V_A = 64 + 20         →  V_A = 84
M_A = 84 × 2          →  M_A = 168
```

ಗೆಳತಿಯ ಪುಸ್ತಕದಲ್ಲಿ C ರಿಯಾಕ್ಷನ್ 36 ಇತ್ತು. ಅವಳ A ರಿಯಾಕ್ಷನ್ 100. ಅದೂ ತಪ್ಪೇ, ಆದರೆ ಬೇರೆ ತರಹದ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

"ಮೇಡಂ, ನಂದು ಟ್ಯಾಲಿ ಆಗ್ತಿದೆ, ಇವಳದ್ದು ಆಗ್ತಿಲ್ಲ" ಅಂದಳು ಮೊದಲನೆಯವಳು. ನೋಡಿದೆ. ನಿಜ. ಒಟ್ಟು ಲೋಡ್ 96 + 20 = 116. ಅವಳ ರಿಯಾಕ್ಷನ್‌ಗಳು 84 + 32 = 116. ಇಡೀ ಬೀಮಿಗೆ A ಸುತ್ತ ಮೊಮೆಂಟ್ ತೆಗೆದರೆ ಲೋಡ್‌ಗಳದ್ದು 96 × 4 + 20 × 2 = 424. C ರಿಯಾಕ್ಷನ್‌ದು 32 × 8 = 256. ಕಳೆದರೆ 168. ಅವಳು ಬರೆದ ಫಿಕ್ಸಿಂಗ್ ಮೊಮೆಂಟ್ ಕೂಡ ಅಷ್ಟೇ.

ತಪ್ಪು ಎಲ್ಲಿದೆ ಅಂತ ನನಗೆ ಆಗಲೇ ಕಂಡಿತ್ತು. ಆದರೆ ಹೇಳಿಬಿಟ್ಟರೆ "ಯುಡಿಎಲ್ ಅನ್ನು ಮೊದಲೇ ಒಂದು ಬಾಣ ಮಾಡಬಾರದು" ಅನ್ನೋದು ಅವಳ ಪಾಲಿಗೆ ಇನ್ನೊಂದು ಬಾಯಿಪಾಠದ ನಿಯಮ ಆಗುತ್ತಿತ್ತು. ತಾಳೆ ನೋಡಿದ ಮೇಲೂ ತಪ್ಪು ಹೇಗೆ ಉಳಿಯಿತು ಅನ್ನೋದು ಹಾಗೇ ಮುಚ್ಚಿಹೋಗುತ್ತಿತ್ತು. ಹಾಗಾಗಿ ಹುಡುಕಲು ಅವರಿಗೇ ಬಿಟ್ಟೆ.

ಅವರು ಮೊದಲು ಮಾಡಿದ್ದು ಕೂಡು-ಕಳೆ ಮತ್ತೆ ನೋಡಿದ್ದು. ಅದರಲ್ಲಿ ಏನೂ ತಪ್ಪಿರಲಿಲ್ಲ. ಆಮೇಲೆ ಮೊದಲನೆಯವಳು C ಸುತ್ತ ಮೊಮೆಂಟ್ ತೆಗೆದಳು, ತಾಳೆ ಆಯಿತು. ಬೀಮಿನ ನಡುಬಿಂದುವಿನ ಸುತ್ತ ತೆಗೆದಳು, ಅದೂ ಆಯಿತು. ಅವಳ ನಂಬಿಕೆ ಇನ್ನೂ ಗಟ್ಟಿಯಾಯಿತು. ಮೂರು ಕಡೆ ತಾಳೆ ಆಗಿದೆ, ಇನ್ನೇನು ಬೇಕು?

ಇಲ್ಲಿ ನಾನು ತಡೆದೆ. "ಒಂದು ಕೆಲಸ ಮಾಡಮ್ಮ, C ರಿಯಾಕ್ಷನ್ 10 ಅಂತ ಸುಮ್ನೆ ಬರಿ" ಅಂದೆ. ಯಾಕೆ ಅಂತ ಕೇಳಿದಳು. ಬರಿ, ನೋಡೋಣ ಅಂದೆ. 116 ರಲ್ಲಿ 10 ಕಳೆದು A ರಿಯಾಕ್ಷನ್ 106 ಅಂತ ಬರೆದಳು. 424 ರಲ್ಲಿ 10 × 8 ಕಳೆದು ಮೊಮೆಂಟ್ 344 ಅಂತ ಬರೆದಳು. "ಈಗ C ಸುತ್ತ ತಾಳೆ ನೋಡು" ಅಂದೆ. 106 × 8 = 848, ಅದರಲ್ಲಿ 344 ಕಳೆದರೆ 504. ಲೋಡ್‌ಗಳದ್ದು 96 × 4 + 20 × 6 = 504. ತಾಳೆ ಆಯಿತು. ಸೊನ್ನೆ ಅಂತ ಇಟ್ಟಳು, ಅದಕ್ಕೂ ಆಯಿತು. ಐವತ್ತಕ್ಕೂ ಆಯಿತು. ಪೆನ್ ಕೆಳಗಿಟ್ಟಳು.

ಈ ಪ್ರಕರಣದ ತಿರುವು ಇದೇ ಅಂತ ನನಗನ್ನಿಸುತ್ತದೆ. ಇಡೀ ಬೀಮನ್ನು ಒಂದೇ ವಸ್ತುವಾಗಿ ನೋಡಿದಾಗ ನಮ್ಮ ಕೈಯಲ್ಲಿ ಇರುವುದು ಎರಡೇ ಸಮೀಕರಣ: ಮೇಲೆ-ಕೆಳಗಿನ ಬಲಗಳದ್ದು ಒಂದು, ಮೊಮೆಂಟ್‌ದು ಒಂದು. ಗೊತ್ತಿಲ್ಲದ್ದು ಮೂರು. ಎಷ್ಟು ಬಿಂದುಗಳ ಸುತ್ತ ಮೊಮೆಂಟ್ ತೆಗೆದರೂ ಹೊಸ ಸಮೀಕರಣ ಹುಟ್ಟುವುದಿಲ್ಲ, ಹಳೆಯ ಎರಡೇ ವೇಷ ಬದಲಿಸಿ ಬರುತ್ತವೆ. C ರಿಯಾಕ್ಷನ್‌ಗೆ ಯಾವ ಸಂಖ್ಯೆ ಕೊಟ್ಟರೂ ಉಳಿದೆರಡು ಅದಕ್ಕೆ ಹೊಂದಿಕೊಳ್ಳುತ್ತವೆ. ಮೂರನೆಯ ಸಮೀಕರಣ ಹಿಂಜಿನಿಂದಲೇ ಬರಬೇಕು: ಹಿಂಜ್ ಬಲವನ್ನು ದಾಟಿಸುತ್ತದೆ, ಮೊಮೆಂಟನ್ನು ದಾಟಿಸುವುದಿಲ್ಲ. ಅಲ್ಲಿ ಬೆಂಡಿಂಗ್ ಮೊಮೆಂಟ್ ಸೊನ್ನೆ. ಮೊದಲನೆಯವಳ ತಾಳೆ ಪಟ್ಟಿಯಲ್ಲಿ ಇದೊಂದು ಇರಲಿಲ್ಲ.

"ಹಾಗಾದ್ರೆ ಡಯಾಗ್ರಾಂ ಬರಿ, ಹಿಂಜಿನಲ್ಲಿ ಎಷ್ಟು ಬರುತ್ತೆ ನೋಡು" ಅಂದೆ. ಡಯಾಗ್ರಾಂ ಬರೆಯುವಾಗ ಯುಡಿಎಲ್ ಅನ್ನು ಯುಡಿಎಲ್ ಆಗಿಯೇ ಇಡಬೇಕು, ಬಾಣವಾಗಿ ಅಲ್ಲ. C ಕಡೆಯಿಂದ ಬಂದಳು. 32 × 6 = 192. BC ಮೇಲಿನ ಲೋಡ್ 72, ಅದರ ನಡು B ಯಿಂದ 3 ಮೀಟರ್, ಅಂದರೆ 216. B ಯಲ್ಲಿ ಮೊಮೆಂಟ್ 192 − 216 = −24. A ಕಡೆಯಿಂದಲೂ ನೋಡಿದಳು. −168 + 84 × 2 − 24 × 1, ಅದೂ −24. ಎರಡೂ ಕಡೆಯಿಂದ ಒಂದೇ ಉತ್ತರ, ಆದರೆ ಸೊನ್ನೆ ಅಲ್ಲ. ಅವಳ ಲೆಕ್ಕದ ಪ್ರಕಾರ ಸಲೀಸಾಗಿ ತಿರುಗುವ ಪಿನ್ ಒಂದು 24 ಕಿಲೋನ್ಯೂಟನ್-ಮೀಟರ್ ಮೊಮೆಂಟ್ ಹೊತ್ತು ನಿಂತಿತ್ತು. ಅದು ಆಗುವ ಮಾತಲ್ಲ.

ಈ 24 ಎಲ್ಲಿಂದ ಬಂತು ಅಂತ ಅವಳೇ ಕಂಡುಕೊಂಡಳು. AB ಮೇಲೆ ಇರುವ ಯುಡಿಎಲ್ 12 × 2 = 24 ಕಿಲೋನ್ಯೂಟನ್. ಅದರ ನಡು ಹಿಂಜಿನಿಂದ ಎಡಕ್ಕೆ 1 ಮೀಟರ್. ಹಿಂಜಿನ ಸುತ್ತ ಅದರ ಮೊಮೆಂಟ್ 24 × 1. ಬರಬೇಕಾದ ಸೊನ್ನೆಗೂ ಬಂದ ಸಂಖ್ಯೆಗೂ ಇರುವ ವ್ಯತ್ಯಾಸ ಸರಿಯಾಗಿ ಅಷ್ಟೇ. ಎಡ ಭಾಗದ ಮೇಲೆ ಕೂತಿದ್ದ ಲೋಡನ್ನು ಎತ್ತಿ ಬಲ ಭಾಗದ ಮೇಲಿಟ್ಟಿದ್ದಳು. ಒಂದು ವಸ್ತುವಿನ ಮೇಲೆ ಹರಡಿದ ಲೋಡನ್ನು ಒಂದು ಬಾಣವಾಗಿ ಬರೆಯಬಹುದು, ಆದರೆ ಆ ವಸ್ತು ಇಡಿಯಾಗಿ ಇರುವವರೆಗೆ ಮಾತ್ರ. ಹಿಂಜಿನಲ್ಲಿ ಬಿಡಿಸಿದ ಕ್ಷಣವೇ ಆ ಬಾಣಕ್ಕೆ ಅರ್ಥ ಹೋಗುತ್ತದೆ. ಮೊದಲು ಬಿಡಿಸಬೇಕು. ಆಮೇಲೆ ಆಯಾ ಭಾಗದ ಮೇಲಿನ ಯುಡಿಎಲ್ ಅನ್ನು ಆಯಾ ಭಾಗದ ನಡುವೆ ಬಾಣ ಮಾಡಬೇಕು.

ಇಲ್ಲಿ ಒಂದು ಮಾತು. ಇದು ಸಣ್ಣ ತಪ್ಪು, A ಯಲ್ಲಿ ಮೊಮೆಂಟ್ ಜಾಸ್ತಿಯೇ ಬಂದಿದೆ, ಹಾಗಾಗಿ ಅಪಾಯವಿಲ್ಲ ಅಂತ ಯಾರಾದರೂ ಅಂದುಕೊಳ್ಳಬಹುದು. ಗೆಳತಿ ಹಾಗೇ ಕೇಳಿದಳು. ಆದರೆ BC ನಡುವೆ ಏನಾಗಿದೆ ನೋಡಿ. ಅಲ್ಲಿ ಸರಿಯಾದ ಗರಿಷ್ಠ ಮೊಮೆಂಟ್ 54. ಇವಳ ಲೆಕ್ಕದಲ್ಲಿ ಅದು 42.7 ಕ್ಕೆ ಇಳಿಯುತ್ತದೆ. ಒಂದು ಕಡೆ ಕಬ್ಬಿಣ ದಂಡವಾಗುತ್ತದೆ, ಇನ್ನೊಂದು ಕಡೆ ಸಾಲದೆ ಹೋಗುತ್ತದೆ.

ಮತ್ತೆ ಮೊದಲಿಂದ ಶುರು ಮಾಡಿದರು. ಯಾವ ಭಾಗದಿಂದ ಹಿಡಿಯಬೇಕು ಅನ್ನೋದು ಮೊದಲ ಪ್ರಶ್ನೆ. ಗೆಳತಿ ಎಡದಿಂದ ಶುರು ಮಾಡೋಣ ಅಂದಳು. AB ಯಲ್ಲಿ A ರಿಯಾಕ್ಷನ್, A ಮೊಮೆಂಟ್, ಹಿಂಜಿನ ಬಲ, ಮೂರು ಗೊತ್ತಿಲ್ಲ. ಸಮೀಕರಣ ಎರಡು. ಅಲ್ಲಿಗೆ ನಿಂತುಹೋಗುತ್ತದೆ. BC ಯಲ್ಲಿ ಗೊತ್ತಿಲ್ಲದ್ದು ಹಿಂಜಿನ ಬಲ ಮತ್ತು C ರಿಯಾಕ್ಷನ್, ಎರಡೇ. ಹಾಗಾಗಿ ಅಲ್ಲಿಂದ. ಸಂಖ್ಯೆ ಎಣಿಸದೆಯೂ ಇದನ್ನು ಕಾಣಬಹುದು. BC ಯ ಎಡ ತುದಿ AB ಯ ತುದಿಯ ಮೇಲೆ ಕೂತಿದೆ. AB ಮಾತ್ರ ಗೋಡೆ ಹಿಡಿದುಕೊಂಡು ತನ್ನಷ್ಟಕ್ಕೆ ನಿಲ್ಲಬಲ್ಲದು. ಯಾವುದು ಇನ್ನೊಂದರ ಮೇಲೆ ಕೂತಿದೆಯೋ ಅದನ್ನು ಮೊದಲು ಬಿಡಿಸಬೇಕು.

1866 ರಲ್ಲಿ ಜರ್ಮನಿಯ ಎಂಜಿನಿಯರ್ ಹೈನ್ರಿಕ್ ಗರ್ಬರ್ ಪೇಟೆಂಟ್ ಪಡೆದದ್ದು ಇಂಥ ಹಿಂಜ್ ಇಟ್ಟ ಗರ್ಡರಿಗೆ. ಅದಕ್ಕೇ ಇದನ್ನು ಗರ್ಬರ್ ಬೀಮ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಕೋಲ್ಕತ್ತದ ಹೌರಾ ಸೇತುವೆಯ ಚಿತ್ರ ತೋರಿಸಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಎರಡೂ ಗೋಪುರಗಳಿಂದ ನದಿಯ ಮೇಲೆ ಚಾಚಿದ ತೋಳುಗಳು ಸುಮಾರು 143 ಮೀಟರ್ ಉದ್ದ. ಅವುಗಳ ತುದಿಗಳ ನಡುವೆ ಸುಮಾರು 172 ಮೀಟರ್ ಉದ್ದದ ತೂಗುಭಾಗ. ಆ ನಡುಭಾಗ ತೋಳುಗಳನ್ನು ಹೊರುವುದಿಲ್ಲ, ತೋಳುಗಳೇ ಅದನ್ನು ಹೊರುತ್ತವೆ. ನಮ್ಮ ಲೆಕ್ಕದ BC ಕೂಡ ಹಾಗೇ, ಒಂದು ಕಡೆ ತೋಳು, ಇನ್ನೊಂದು ಕಡೆ ರೋಲರ್.

ಈಗ BC ಮೇಲಿನ ಲೋಡ್ 72, ನಡುವೆ. C ಯಲ್ಲಿ 36, ಹಿಂಜಿನಲ್ಲಿ 36. ಇಲ್ಲಿಗೆ ಗೆಳತಿಯ ತಪ್ಪಿನ ಸರದಿ. ಹಿಂಜಿನ ಮೇಲಿನ 20 ಅನ್ನು ಯಾವ ಭಾಗಕ್ಕೆ ಸೇರಿಸಬೇಕು? ಅವಳಿಗೆ ಗೊತ್ತಾಗದೆ ಎರಡಕ್ಕೂ ಸೇರಿಸಿದ್ದಳು. BC ಯ ಎಡ ತುದಿಯಲ್ಲಿ 20 ಇಟ್ಟು ಹಿಂಜಿನ ಬಲ 56 ಅಂತ ತೆಗೆದಳು. ಆ 56 ಅನ್ನು AB ಗೆ ಕೊಟ್ಟು, ಅಲ್ಲಿ ಮತ್ತೆ 20 ಇಟ್ಟಳು. A ರಿಯಾಕ್ಷನ್ 56 + 20 + 24 = 100. ಟೋಟಲ್ 136, ಲೋಡ್ 116. ಸರಿಯಾಗಿ 20 ಜಾಸ್ತಿ. ಇವಳ ತಪ್ಪು ಸಾಮಾನ್ಯ ತಾಳೆಯಲ್ಲೇ ಸಿಕ್ಕಿಬೀಳುತ್ತದೆ. ಆದರೆ ಅವಳ ಹಿಂಜಿನ ಮೊಮೆಂಟ್ ಸೊನ್ನೆಯೇ ಬರುತ್ತದೆ, ಯಾಕೆಂದರೆ ಭಾಗಗಳನ್ನು ಸರಿಯಾಗಿಯೇ ಬಿಡಿಸಿದ್ದಳು. ಒಬ್ಬಳ ತಪ್ಪನ್ನು ಹಿಡಿಯುವ ತಾಳೆ ಇನ್ನೊಬ್ಬಳ ತಪ್ಪಿನ ಮುಂದೆ ಕುರುಡು. ಅದಕ್ಕೆ ಎರಡೂ ಬೇಕು.

20 ಅನ್ನು ಎಡಕ್ಕೆ ಕೊಡಿ ಅಥವಾ ಬಲಕ್ಕೆ ಕೊಡಿ, ಒಂದೇ ಕಡೆ ಕೊಡಿ ಅಂದೆ. ಇಬ್ಬರೂ ಒಂದೊಂದು ರೀತಿ ಮಾಡಿದರು. ಮೊದಲನೆಯವಳು AB ಗೆ ಕೊಟ್ಟಳು, ಹಿಂಜ್ ದಾಟಿಸುವ ಬಲ 36. ಗೆಳತಿ BC ಗೆ ಕೊಟ್ಟಳು, ಹಿಂಜ್ ದಾಟಿಸುವ ಬಲ 56. ಮುಂದೆ ಇಬ್ಬರಿಗೂ ಬಂದದ್ದು ಒಂದೇ:

```
R_C = 36
V_A = 36 + 20 + 24           = 80
M_A = (36 + 20) × 2 + 24 × 1 = 136
```

ತಾಳೆ: 80 + 36 = 116. 424 − 36 × 8 = 136. ಹಿಂಜಿನಲ್ಲಿ 36 × 6 − 72 × 3 = 0. ರಿಯಾಕ್ಷನ್‌ಗಳಿಗೆ ಯಾವ ಕಡೆ ಕೊಟ್ಟರೂ ವ್ಯತ್ಯಾಸ ಇಲ್ಲ. ಆದರೆ ನಿಜವಾದ ಪಿನ್ ಡಿಸೈನ್ ಮಾಡುವವರಿಗೆ 36 ಮತ್ತು 56 ಒಂದೇ ಅಲ್ಲ. ಅವರು ಲೋಡ್ ನಿಜಕ್ಕೂ ಯಾವ ತುದಿಯ ಮೇಲೆ ಕೂರುತ್ತದೆ ಅಂತ ಸೈಟಿನ ಡ್ರಾಯಿಂಗ್ ನೋಡಿಯೇ ಹೇಳಬೇಕು. ಇನ್ನೊಂದು ವಿಷಯ, BC ಯ ಮೇಲೆ ಹಿಂಜ್ 36 ಮೇಲಕ್ಕೆ ತಳ್ಳುತ್ತದೆ ಅಂದರೆ AB ಯ ತುದಿಯನ್ನು ಅದೇ 36 ಕೆಳಕ್ಕೆ ಒತ್ತುತ್ತದೆ. ಬಾಣದ ದಿಕ್ಕು ತಿರುಗಿಸಲು ಮರೆತವರಿಗೆ A ರಿಯಾಕ್ಷನ್ 8 ಅಂತ ಬರುತ್ತದೆ, ಟೋಟಲ್ ನೋಡಿದ ಕೂಡಲೇ ಅದು ಗೊತ್ತಾಗುತ್ತದೆ.

ಡಯಾಗ್ರಾಂ ಬರೆಯುವಾಗ ಇನ್ನೊಂದು ಕಡೆ ಎಡವಿದರು. ಶಿಯರ್ ಸುಲಭವಾಗಿ ಬಂತು. A ಯಲ್ಲಿ 80, ಮೀಟರಿಗೆ 12 ರಂತೆ ಇಳಿದು B ಯ ಎಡಕ್ಕೆ 56, ಅಲ್ಲಿ 20 ಬಿದ್ದು 36, ಮುಂದೆ ಇಳಿಯುತ್ತಾ B ಯಿಂದ 3 ಮೀಟರಿನಲ್ಲಿ ಸೊನ್ನೆ, C ಯಲ್ಲಿ −36. ಮೊಮೆಂಟ್ A ಯಲ್ಲಿ −136, B ಯಲ್ಲಿ ಸೊನ್ನೆ, BC ನಡುವೆ +54, C ಯಲ್ಲಿ ಸೊನ್ನೆ. A ಯಿಂದ B ವರೆಗಿನ ಶಿಯರ್ ಚಿತ್ರದ ವಿಸ್ತೀರ್ಣ (80 + 56) ÷ 2 × 2 = 136, ಅಂದರೆ −136 ರಿಂದ ಸೊನ್ನೆಗೆ ಏರಲು ಬೇಕಾದಷ್ಟೇ.

ಮೊದಲನೆಯವಳು B ಯಲ್ಲಿ ಮೊಮೆಂಟ್ ಗೆರೆಯನ್ನು ಮುರಿದು ಬರೆದಿದ್ದಳು. ಅದು ಸರಿಯೇ. ಯಾಕೆ ಮುರಿದೆ ಅಂತ ಕೇಳಿದೆ. "ಹಿಂಜ್ ಇದೆ ಅಲ್ವಾ ಮೇಡಂ" ಅಂದಳು. ಕಾರಣ ಅದಲ್ಲ. ಮೊಮೆಂಟ್ ಗೆರೆಯ ಇಳಿಜಾರು ಅಂದರೆ ಶಿಯರ್. B ಯ ಎಡಕ್ಕೆ ಅದು 56, ಬಲಕ್ಕೆ 36. ಗೆರೆ ಮುರಿದದ್ದು 20 ಕಿಲೋನ್ಯೂಟನ್ ಲೋಡಿನಿಂದ. ಆ ಲೋಡ್ ತೆಗೆಸಿ ಮತ್ತೆ ಬರೆಯಿಸಿದೆ. A ಯಲ್ಲಿ 60, B ಯ ಎರಡೂ ಪಕ್ಕ 36. ಮೊಮೆಂಟ್ ಗೆರೆ −96 ರಿಂದ ಹೊರಟು ಸೊನ್ನೆಯನ್ನು ನುಣುಪಾಗಿ ದಾಟಿ 54 ಕ್ಕೆ ಏರಿತು. ಅಲ್ಲಿ ಹಿಂಜ್ ಇದೆ ಅಂತ ಗೆರೆ ನೋಡಿ ಹೇಳಲು ಆಗುವುದೇ ಇಲ್ಲ. ಹಿಂಜಿನಲ್ಲಿ ನಿಜವಾಗಿ ಮುರಿಯುವುದು ಬಾಗಿದ ಬೀಮಿನ ಆಕಾರ. ಎರಡು ಭಾಗಗಳು ಬೇರೆ ಬೇರೆ ಕೋನದಲ್ಲಿ ಬಂದು ಸೇರುತ್ತವೆ. ಆಕಾರದ ಚಿತ್ರವನ್ನೂ ಮೊಮೆಂಟ್ ಚಿತ್ರವನ್ನೂ ಒಂದೇ ಅಂದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಈಗ ಎರಡನ್ನೂ ಒಂದರ ಕೆಳಗೊಂದು ಬರೆಯಿಸುತ್ತೇನೆ.

ಮುಂದಿನ ವಾರ ಮೊದಲನೆಯವಳು ತಾನೇ ಒಂದು ಪ್ರಶ್ನೆ ಹಿಡಿದುಕೊಂಡು ಬಂದಳು. ಹಿಂಜಿನ ಮೇಲಿನ ಲೋಡನ್ನು ಯಾವ ಕಡೆ ಕೊಟ್ಟರೂ ಆಗುತ್ತದೆ, ಸರಿ. ಅಲ್ಲಿ ಲೋಡಿನ ಜೊತೆಗೆ ಒಂದು ಮೊಮೆಂಟ್ ಕೂಡ ಬಂದರೆ? ಗಡಿಯಾರದ ದಿಕ್ಕಿನಲ್ಲಿ 12 ಕಿಲೋನ್ಯೂಟನ್-ಮೀಟರ್ ಅಂದುಕೊಳ್ಳಿ. ಎರಡೂ ರೀತಿ ಮಾಡಿಯೇ ತಂದಿದ್ದಳು. ಹಿಂಜಿನ ಬಲ ಪಕ್ಕಕ್ಕೆ, BC ಯ ಮೇಲೆ ಕೊಟ್ಟರೆ 6 R_C = 216 + 12, C ಯಲ್ಲಿ 38, A ಯಲ್ಲಿ 78 ಮತ್ತು ಮೊಮೆಂಟ್ 132. ಎಡ ಪಕ್ಕಕ್ಕೆ, AB ಯ ಮೇಲೆ ಕೊಟ್ಟರೆ C ಯಲ್ಲಿ 36, A ಯಲ್ಲಿ 80, ಮೊಮೆಂಟ್ 148. ಎರಡೂ ಟೋಟಲ್‌ನಲ್ಲಿ ತಾಳೆ ಆಗುತ್ತವೆ. ಎರಡರಲ್ಲೂ ಪಿನ್ನಿನಲ್ಲಿ ಮೊಮೆಂಟ್ ಸೊನ್ನೆ. "ಇದರಲ್ಲಿ ಯಾವುದು ಸರಿ ಮೇಡಂ?" ಅಂದಳು.

ಎರಡೂ ಸರಿ, ಆದರೆ ಅವು ಎರಡು ಬೇರೆ ಬೀಮುಗಳು. ಬಲವನ್ನು ಪಿನ್ ದಾಟಿಸುತ್ತದೆ, ಹಾಗಾಗಿ ಅದು ಯಾವ ಪಕ್ಕದಲ್ಲಿದ್ದರೂ ನಡೆಯುತ್ತದೆ. ಮೊಮೆಂಟನ್ನು ಪಿನ್ ದಾಟಿಸದ ಕಾರಣ ಅದು ಯಾವ ಭಾಗದ ಮೇಲೆ ಕೂತಿದೆ ಅಂತ ಪ್ರಶ್ನೆಯೇ ಹೇಳಬೇಕು. ಹೇಳದಿದ್ದರೆ ಲೆಕ್ಕಕ್ಕೆ ಉತ್ತರವೇ ಇಲ್ಲ. ಆ ವರ್ಷದ ಪ್ರಶ್ನೆ ಹಾಳೆ ತಯಾರಿಸುವಾಗ ಅಂಥ ಒಂದು ಲೆಕ್ಕದ ಚಿತ್ರದಲ್ಲಿ ಮೊಮೆಂಟಿನ ಬಾಣವನ್ನು ನಾನು ಹಿಂಜಿನ ಮೇಲೆಯೇ ಬರೆದಿದ್ದೆ. ಅವಳು ಹೋದ ಮೇಲೆ ಅದನ್ನು ಅಳಿಸಿ ಬಲಕ್ಕೆ ಸರಿಸಿದೆ.